ಬೆಲೆ ಏರಿದ್ದು ಯಾಕೆ? 1943 ಮತ್ತು 1974ರ ಕಥೆ

1/9

ಮೊದಲನೇ ಫೋಟೋದಲ್ಲಿರೋದು ನಮ್ಮಜ್ಜಿಯ ಟ್ರಂಕಿನಲ್ಲಿ ಸಿಕ್ಕ ಲೆಕ್ಕದ ಪುಸ್ತಕ. ತಾತ 1974ರಲ್ಲಿ ಬರೆದಿದ್ದು. ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ, ಸೋಪು ಅಂತ ಎಡಗಡೆ ಪಟ್ಟಿ, ಬಲಗಡೆ ರೂಪಾಯಿ-ಪೈಸೆ. ತಿಂಗಳಿಂದ ತಿಂಗಳಿಗೆ ಬಲಗಡೆಯ ಅಂಕಿ ಮೇಲೇರ್ತಾ ಹೋಗುತ್ತೆ. ಒಂದು ಪುಟದಲ್ಲಿ ಮಾತ್ರ "ಸೀಮೆಎಣ್ಣೆ" ಅಂತ ಬರೆದು ಬೆಲೆಯ ಜಾಗ ಖಾಲಿ ಬಿಟ್ಟಿದ್ದಾರೆ. ಯಾಕಜ್ಜಿ ಅಂತ ಕೇಳಿದ್ದಕ್ಕೆ ಒಂದೇ ಮಾತು: "ಸಿಗ್ಲೇ ಇಲ್ಲ ಕಣೋ, ಇನ್ನು ಬೆಲೆ ಏನು ಬರೀತಾರೆ?"

ಆ ಖಾಲಿ ಜಾಗ ನೋಡಿದಾಗ ನಮ್ಮ ಎಕನಾಮಿಕ್ಸ್ ನೋಟ್ಸ್ ನೆನಪಾಯ್ತು. ಹಣದುಬ್ಬರದಲ್ಲಿ ಎರಡು ವಿಧ, ಬೇಡಿಕೆ ಸೆಳೆತದ್ದು ಮತ್ತು ವೆಚ್ಚ ತಳ್ಳಿಕೆಯದ್ದು, ಅಂದ್ರೆ ಡಿಮ್ಯಾಂಡ್-ಪುಲ್ ಮತ್ತು ಕಾಸ್ಟ್-ಪುಶ್. ಐದು ಮಾರ್ಕಿನ ಪ್ರಶ್ನೆ, ಎರಡು ಗ್ರಾಫ್ ಬರೆದ್ರೆ ಮುಗೀತು. ಆದ್ರೆ ತಾತನ ಪುಸ್ತಕದಲ್ಲಿ ಗ್ರಾಫ್ ಇಲ್ಲ, ಬರೀ ಏರಿದ ಬೆಲೆ ಇದೆ. ಅದು ಯಾವ ವಿಧ ಅಂತ ಯಾರು ಹೇಳಬೇಕು? ಹೇಗೆ ಹೇಳಬೇಕು?

ಈ ಸರಣಿಯಲ್ಲಿ ನಮ್ಮ ದೇಶದ ಎರಡು ದೊಡ್ಡ ಬೆಲೆ ಏರಿಕೆಗಳನ್ನ ಅಕ್ಕಪಕ್ಕ ಇಟ್ಟು ನೋಡೋಣ. ಒಂದು ಎರಡನೇ ಮಹಾಯುದ್ಧದ ಕಾಲದ್ದು, ಇನ್ನೊಂದು 1972ರಿಂದ 1974ರದ್ದು. ಎರಡರಲ್ಲೂ ಅಂಗಡಿ ಮುಂದೆ ನಿಂತವರಿಗೆ ಆದ ಅನುಭವ ಒಂದೇ. ಕಾರಣ ಮಾತ್ರ ಬೇರೆ. ಕಾರಣ ತಪ್ಪಾಗಿ ಗುರುತಿಸಿದ್ರೆ ಯಾರ ಹೊಟ್ಟೆ ಮೇಲೆ ಹೊಡೆತ ಬೀಳುತ್ತೆ ಅನ್ನೋದೇ ಈ ಕಥೆಯ ಮುಖ್ಯ ವಿಷಯ.

2/9

ಮೊದಲು ಹೂವಿನ ಮಾರುಕಟ್ಟೆಗೆ ಬನ್ನಿ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಸೇವಂತಿಗೆ ಬೆಲೆ ಏರುತ್ತೆ. ಎಲ್ಲರಿಗೂ ಹೂವು ಬೇಕು. ರೈತರು ತೋಟದಲ್ಲಿರೋದನ್ನೆಲ್ಲ ಕಿತ್ತು ತರ್ತಾರೆ, ದೂರದ ಊರುಗಳಿಂದಲೂ ಲೋಡ್ ಬರುತ್ತೆ. ಹಾಗಾಗಿ ಆ ದಿನ ಬೆಲೆಯೂ ಜಾಸ್ತಿ, ಮಾರಾಟವಾದ ಹೂವೂ ಜಾಸ್ತಿ. ಸಂಜೆ ಹೂವಿನ ಅಮ್ಮನ ಚೀಲದಲ್ಲಿ ದುಡ್ಡು ತುಂಬಿರುತ್ತೆ. ಇದು ಬೇಡಿಕೆ ಎಳೆದ ಬೆಲೆ.

ಈಗ ಇನ್ನೊಂದು ವಾರ ಯೋಚಿಸಿ. ಹಬ್ಬ ಇಲ್ಲ, ಆದ್ರೆ ನಾಲ್ಕು ದಿನ ಎಡೆಬಿಡದೆ ಮಳೆ ಸುರಿದು ಹೂವು ಗಿಡದಲ್ಲೇ ಕೊಳೆತುಹೋಗಿದೆ. ಆಗಲೂ ಬೆಲೆ ಏರುತ್ತೆ. ಆದ್ರೆ ಮಾರುಕಟ್ಟೆಗೆ ಬಂದ ಹೂವು ಕಮ್ಮಿ, ಮಾರಾಟವಾದದ್ದೂ ಕಮ್ಮಿ. ಹೂವಿನ ಅಮ್ಮನಿಗೆ ಹೆಚ್ಚು ಬೆಲೆ ಸಿಕ್ಕರೂ ಕೈಗೆ ಉಳಿದದ್ದು ಅಷ್ಟಕ್ಕಷ್ಟೇ. ಇದು ಪೂರೈಕೆಯ ಕಡೆಯಿಂದ ತಳ್ಳಿದ ಬೆಲೆ.

ಎರಡು ದಿನವೂ ಬೋರ್ಡಿನ ಮೇಲೆ ಒಂದೇ ರೇಟ್ ಬರೆದಿರಬಹುದು. ಬೆಲೆ ಮಾತ್ರ ನೋಡಿದವರಿಗೆ ವ್ಯತ್ಯಾಸ ಗೊತ್ತಾಗೋದೇ ಇಲ್ಲ. ಬೆಲೆಯ ಜೊತೆ ಪ್ರಮಾಣ ನೋಡಬೇಕು. ಬೆಲೆಯೂ ಏರಿ ಪ್ರಮಾಣವೂ ಏರಿದ್ರೆ ಬೇಡಿಕೆ ಕಡೆ ಬೆರಳು ತೋರಿಸಿ. ಬೆಲೆ ಏರಿ ಪ್ರಮಾಣ ಇಳಿದ್ರೆ ಪೂರೈಕೆ ಕಡೆ. ಇದು ಮೊದಲನೇ ಪರೀಕ್ಷೆ, ಎಲ್ಲಕ್ಕಿಂತ ಮುಖ್ಯವಾದದ್ದು.

ಇಡೀ ದೇಶಕ್ಕೆ ಹೂವಿನ ಬುಟ್ಟಿ ಬದಲು ಒಟ್ಟು ಉತ್ಪಾದನೆ, ಧಾನ್ಯದ ಇಳುವರಿ, ಕಾರ್ಖಾನೆಗಳ ಪಾಳಿ, ಕೆಲಸ ಸಿಕ್ಕವರ ಸಂಖ್ಯೆ ನೋಡಬೇಕು. ಲೆಕ್ಕ ಮಾತ್ರ ಅದೇ.

3/9

1939ರ ಸೆಪ್ಟೆಂಬರ್. ಯೂರೋಪಿನಲ್ಲಿ ಯುದ್ಧ ಶುರು. ಭಾರತ ಬ್ರಿಟನ್ನಿನ ಪಡೆಗಳಿಗೆ ಬಟ್ಟೆ, ಟೆಂಟು, ಬೂಟು, ಉಕ್ಕು, ಆಹಾರ ಎಲ್ಲ ಒದಗಿಸಬೇಕು. ದುಡ್ಡು ಯಾರು ಕೊಡ್ತಾರೆ?

ಅದೇ ನವೆಂಬರಿನಲ್ಲಿ ಎರಡು ಸರ್ಕಾರಗಳ ನಡುವೆ ಒಂದು ಒಪ್ಪಂದ ಆಯ್ತು. ಭಾರತದ ಸ್ವಂತ ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚಿನ ಖರ್ಚನ್ನ ಬ್ರಿಟನ್ ಭರಿಸುತ್ತೆ ಅಂತ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದ್ರೆ ಅದು ನಡೆದ ರೀತಿ ನೋಡಿ. ಇಲ್ಲಿ ಗಿರಣಿ ಮಾಲೀಕನಿಗೆ, ರೈತನಿಗೆ, ಕಂಟ್ರಾಕ್ಟರಿಗೆ ಕೊಡಬೇಕಾದ್ದು ರೂಪಾಯಿಯಲ್ಲಿ, ಇವತ್ತೇ. ಬ್ರಿಟನ್ ಕೊಡ್ತಿದ್ದದ್ದು ಸ್ಟರ್ಲಿಂಗ್‌ನಲ್ಲಿ, ಅದೂ ಲಂಡನ್ನಿನ ಖಾತೆಯಲ್ಲಿ ಒಂದು ಜಮಾ. ಆ ಜಮಾವನ್ನ ಆಸ್ತಿ ಅಂತ ತೋರಿಸಿ ರಿಸರ್ವ್ ಬ್ಯಾಂಕ್ ಇಲ್ಲಿ ನೋಟು ಮುದ್ರಿಸ್ತು. ಯುದ್ಧ ನಡೀತಿರೋವಾಗ ಆ ಸ್ಟರ್ಲಿಂಗ್ ಕೊಟ್ಟು ಯಂತ್ರವನ್ನೋ ಬಟ್ಟೆಯನ್ನೋ ಬೇಕಾದಷ್ಟು ತರಿಸೋ ಹಾಗೂ ಇರಲಿಲ್ಲ. ಹಡಗೇ ಇಲ್ಲ, ಬ್ರಿಟನ್ನಿನಲ್ಲಿ ಕೊಡೋಕೆ ಸರಕೂ ಇಲ್ಲ.

ಅಂದ್ರೆ ಸರಕು ದೇಶದಿಂದ ಹೊರಗೆ ಹೋಯ್ತು, ದುಡ್ಡು ಒಳಗೆ ಉಳೀತು.

ಯುದ್ಧ ಶುರುವಾದಾಗ ಚಲಾವಣೆಯಲ್ಲಿದ್ದ ನೋಟು ಸುಮಾರು 180 ಕೋಟಿ ರೂಪಾಯಿ. ಯುದ್ಧ ಮುಗಿಯೋ ಹೊತ್ತಿಗೆ ಅದು 1,100 ಕೋಟಿ ದಾಟಿತ್ತು. ಆರು ಪಟ್ಟು! ಸಗಟು ಬೆಲೆಗಳು 1943-44ರ ಹೊತ್ತಿಗೇ 1939ರ ಎರಡು ಪಟ್ಟಿಗಿಂತ ಮೇಲೆ ಹೋಗಿದ್ವು. ಬೆಳ್ಳಿ ನಾಣ್ಯಗಳನ್ನ ಜನ ಮನೆಯಲ್ಲಿ ಬಚ್ಚಿಟ್ಟಿದ್ದರಿಂದ 1940ರಲ್ಲಿ ಸರ್ಕಾರ ಒಂದು ರೂಪಾಯಿ ನೋಟನ್ನ ಮತ್ತೆ ತಂದಿತು. ಮೂರನೇ ಫೋಟೋದಲ್ಲಿರೋದು ಆ ನೋಟೇ.

4/9

ಇದನ್ನ ಬೇಡಿಕೆ ಸೆಳೆತ ಅಂತ ಯಾಕೆ ಹೇಳ್ತೀವಿ? ನೋಟು ಜಾಸ್ತಿ ಆಯ್ತು ಅಂದ ಮಾತ್ರಕ್ಕೆ ಅಲ್ಲ. ಪರೀಕ್ಷೆ ಮಾಡಿ ನೋಡೋಣ.

ಮೊದಲು ಪ್ರಮಾಣ. ಈ ಕಾಲದಲ್ಲಿ ಕಾರ್ಖಾನೆಗಳು ಮುಚ್ಚಲಿಲ್ಲ, ಹಗಲು-ರಾತ್ರಿ ಪಾಳಿಯಲ್ಲಿ ಓಡಿದ್ವು. ಬಟ್ಟೆ, ಉಕ್ಕು ಎರಡರ ಉತ್ಪಾದನೆಯೂ ಏರಿತು. ಬೆಂಗಳೂರನ್ನೇ ತಗೊಳ್ಳಿ. 1940ರ ಡಿಸೆಂಬರಿನಲ್ಲಿ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು, ಮುಂದೆ ಮಿತ್ರಪಡೆಗಳ ವಿಮಾನ ರಿಪೇರಿಯ ದೊಡ್ಡ ಕೇಂದ್ರವಾಯ್ತು. ಸಾವಿರಾರು ಜನರಿಗೆ ಹೊಸ ಕೆಲಸ ಸಿಕ್ಕಿತು. ಬೆಲೆಯೂ ಮೇಲೆ, ಕೆಲಸವೂ ಮೇಲೆ. ಹಬ್ಬದ ದಿನದ ಹೂವಿನ ಮಾರುಕಟ್ಟೆ ನೆನಪಾಯ್ತಾ? ಆದ್ರೆ ಹೊಸ ಯಂತ್ರ ಬರೋ ದಾರಿ ಮುಚ್ಚಿದ್ದರಿಂದ ಉತ್ಪಾದನೆ ಒಂದು ಮಿತಿಯಲ್ಲಿ ನಿಂತುಬಿಡ್ತು. ಆಮೇಲೆ ಬಂದ ಪ್ರತಿ ಹೊಸ ರೂಪಾಯಿ ಬೆಲೆಯನ್ನಷ್ಟೇ ಏರಿಸ್ತು.

ಎರಡನೇ ಪರೀಕ್ಷೆ, ಲಾಭ ಯಾರಿಗೆ? ವೆಚ್ಚ ತಳ್ಳಿದ ಏರಿಕೆ ಆಗಿದ್ರೆ ಗಿರಣಿ ಮಾಲೀಕನ ಲಾಭ ಹಿಂಡಿಹೋಗಬೇಕಿತ್ತು, ಯಾಕಂದ್ರೆ ಅವನ ಖರ್ಚು ಮೊದಲು ಏರುತ್ತೆ. ಇಲ್ಲಿ ಉಲ್ಟಾ ಆಯ್ತು. ಲಾಭ ಎಷ್ಟು ಉಕ್ಕಿತು ಅಂದ್ರೆ ಅದನ್ನ ಹಿಡಿಯೋಕೆ ಸರ್ಕಾರ ಅಧಿಕ ಲಾಭ ತೆರಿಗೆ ಅಂತಲೇ ಒಂದು ತೆರಿಗೆ ಹಾಕಬೇಕಾಯ್ತು. ಬೆಲೆ ಮೊದಲು ಓಡಿತು, ಕೂಲಿ ಹಿಂದೆ ಏದುಸಿರು ಬಿಟ್ಟುಕೊಂಡು ಬಂತು.

ಮೂರನೇ ಸುಳಿವು ಸರ್ಕಾರದ ಮದ್ದಿನಲ್ಲೇ ಇದೆ. 1943ರ ಜೂನ್‌ನಲ್ಲಿ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ಆದೇಶ ಬಂತು. ಅದೇ ವರ್ಷ ರಿಸರ್ವ್ ಬ್ಯಾಂಕ್ ಮೂಲಕ ಚಿನ್ನ ಮಾರೋಕೆ ಶುರು ಮಾಡಿದ್ರು. ಚಿನ್ನ ಯಾಕೆ? ಜನರ ಕೈಯಲ್ಲಿದ್ದ ಹೆಚ್ಚುವರಿ ದುಡ್ಡನ್ನ ಹೀರಿಕೊಳ್ಳೋಕೆ. ಕಾಯಿಲೆ ದುಡ್ಡಿನ ಕಡೆಯಿಂದ ಬಂದಿದೆ ಅಂತ ಅವರಿಗೂ ಗೊತ್ತಿತ್ತು ಅನ್ನೋದಕ್ಕೆ ಇದೇ ಸಾಕ್ಷಿ.

5/9

ಈಗ ಕಷ್ಟದ ಭಾಗ. ಬಂಗಾಳ, 1943.

ಕಲ್ಕತ್ತದಲ್ಲಿ ಅಕ್ಕಿಯ ಸಗಟು ಬೆಲೆ 1942ರ ಡಿಸೆಂಬರಿನಲ್ಲಿ ಮಣಕ್ಕೆ 13-14 ರೂಪಾಯಿ. ಮಾರ್ಚಿನಲ್ಲಿ 21. ಮೇ ತಿಂಗಳಲ್ಲಿ 30ರ ಮೇಲೆ. ಆಗಸ್ಟಿನಲ್ಲಿ 37. ಆ ಬರಗಾಲದಲ್ಲಿ ಸತ್ತವರು 15 ಲಕ್ಷ ಅಂತ ಅಧಿಕೃತ ಆಯೋಗ ಅಂದಾಜು ಮಾಡ್ತು. ನಂತರದ ಅಂದಾಜುಗಳು 30 ಲಕ್ಷದವರೆಗೂ ಹೋಗ್ತವೆ.

ಇದು ಯಾವ ವಿಧ? ಪೂರೈಕೆಯ ಕಡೆ ಹೊಡೆತ ಬಿದ್ದಿದ್ದು ನಿಜ. 1942ರಲ್ಲಿ ಬರ್ಮಾ ಜಪಾನಿಗೆ ಸಿಕ್ಕಿ ಅಲ್ಲಿನ ಅಕ್ಕಿ ನಿಂತುಹೋಯ್ತು. ಅಕ್ಟೋಬರಿನಲ್ಲಿ ಚಂಡಮಾರುತ ಬಂತು, ಬೆಳೆಗೆ ರೋಗ ತಗುಲಿತು. ಜಪಾನೀಯರಿಗೆ ಸಿಗಬಾರದು ಅಂತ ಸರ್ಕಾರವೇ ಕರಾವಳಿಯ ದೋಣಿಗಳನ್ನ, ಅಕ್ಕಿಯನ್ನ ಎತ್ತಿಕೊಂಡು ಹೋಯ್ತು. ಆಯೋಗವೂ ಅಕ್ಕಿಯ ಕೊರತೆಯನ್ನೇ ಮುಖ್ಯ ಕಾರಣಗಳಲ್ಲಿ ಒಂದು ಅಂತ ಹೇಳ್ತು.

1981ರಲ್ಲಿ ಅಮರ್ತ್ಯ ಸೇನ್ ಅದೇ ಅಂಕಿಗಳನ್ನ ಮತ್ತೆ ಲೆಕ್ಕ ಹಾಕಿದ್ರು. ಅವರ ಲೆಕ್ಕದಲ್ಲಿ 1943ರ ಪೂರೈಕೆ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಸುಮಾರು ಶೇ. 5 ಮಾತ್ರ ಕಮ್ಮಿ. ಬರಗಾಲವೇ ಇಲ್ಲದ 1941ಕ್ಕಿಂತ ಶೇ. 13 ಜಾಸ್ತಿ! ಹಾಗಾದ್ರೆ ಬೆಲೆ ಮೂರು ಪಟ್ಟು ಯಾಕೆ? ಕಲ್ಕತ್ತದ ಯುದ್ಧದ ಖರ್ಚು, ಅಲ್ಲಿನ ಕೈಗಾರಿಕಾ ಕಾರ್ಮಿಕರಿಗೆ ಕಮ್ಮಿ ಬೆಲೆಗೆ ಸಿಗ್ತಿದ್ದ ಧಾನ್ಯ, ಮುಂದೆ ಇನ್ನೂ ಏರುತ್ತೆ ಅಂತ ದಾಸ್ತಾನು ಮಾಡಿದವರು. ಹಳ್ಳಿಯ ಕೃಷಿಕೂಲಿ, ಮೀನುಗಾರ, ಕ್ಷೌರಿಕ ಇವರ ಗಳಿಕೆ ಮಾತ್ರ ಇದ್ದಲ್ಲೇ ಇತ್ತು. ಅಕ್ಕಿ ಇತ್ತು, ಕೊಳ್ಳೋ ಶಕ್ತಿ ಬೇರೆಯವರ ಕೈಗೆ ಹೋಗಿತ್ತು.

ಸೇನ್ ಬಳಸಿದ ಬೆಳೆಯ ಅಂಕಿಗಳನ್ನೇ ನಂಬೋಕಾಗಲ್ಲ, ನಿಜವಾದ ಕೊರತೆ ಇನ್ನೂ ದೊಡ್ಡದಿತ್ತು ಅಂತ ವಾದಿಸೋ ಇತಿಹಾಸಕಾರರೂ ಇದ್ದಾರೆ. ನಮ್ಮ ಮೊದಲನೇ ಪರೀಕ್ಷೆಯ ಮಿತಿ ಇಲ್ಲೇ ಕಾಣೋದು. ಬೆಳೆ ಒಮ್ಮೆ ಕೊಯ್ದ ಮೇಲೆ ಮುಂದಿನ ಕೊಯ್ಲಿನವರೆಗೆ ಪ್ರಮಾಣ ಬದಲಾಗೋದೇ ಇಲ್ಲ. ಪ್ರಮಾಣದ ಅಂಕಿಯೇ ಅನುಮಾನದ್ದಾದ್ರೆ ಬೆಲೆಯ ಮೂಲ ಹೇಳೋದು ಕಷ್ಟ. ಆಗ ಎರಡನೇ ಪ್ರಶ್ನೆಯನ್ನೇ ಕೇಳಬೇಕು: ಯಾರ ಗಳಿಕೆ ಬೆಲೆಯ ಜೊತೆ ಏರಿತು, ಯಾರದ್ದು ಏರಲಿಲ್ಲ?

6/9

ಈಗ ತಾತನ ಪುಸ್ತಕದ ಕಾಲಕ್ಕೆ ಬರೋಣ.

1972ರಲ್ಲಿ ಮುಂಗಾರು ಕೈಕೊಟ್ಟಿತು. ಮಹಾರಾಷ್ಟ್ರದ ಬರ ಎಲ್ಲರಿಗೂ ಗೊತ್ತು, ಉತ್ತರ ಕರ್ನಾಟಕದ ಒಣ ಜಿಲ್ಲೆಗಳಲ್ಲೂ ಅದೇ ಆಕಾಶ. ದೇಶದ ಆಹಾರಧಾನ್ಯ 1970-71ರಲ್ಲಿ ಸುಮಾರು 10.8 ಕೋಟಿ ಟನ್ ಇದ್ದದ್ದು 1972-73ರಲ್ಲಿ 9.7 ಕೋಟಿಗೆ ಇಳೀತು. ಜಲಾಶಯ ಬತ್ತಿದ್ರಿಂದ ಕರೆಂಟೂ ಕಮ್ಮಿ, ಕರೆಂಟಿಲ್ಲದೆ ಕಾರ್ಖಾನೆಯೂ ನಿಧಾನ. ಆ ವರ್ಷ ದೇಶದ ಒಟ್ಟು ಉತ್ಪಾದನೆ ಬೆಳೆಯೋ ಬದಲು ಚೂರು ಕುಗ್ಗಿತು. ಸಗಟು ಬೆಲೆ ಶೇ. 10 ಏರಿತು.

1973ರಲ್ಲಿ ಸರ್ಕಾರ ಗೋಧಿಯ ಸಗಟು ವ್ಯಾಪಾರವನ್ನ ತಾನೇ ವಹಿಸಿಕೊಳ್ತು. ಗೋಧಿ ಸರ್ಕಾರದ ಗೋದಾಮಿಗೆ ನಿರೀಕ್ಷಿಸಿದಷ್ಟು ಬರಲಿಲ್ಲ, ಮರುವರ್ಷ ಆ ಯೋಜನೆಯನ್ನ ಕೈಬಿಟ್ರು. ಅಷ್ಟರಲ್ಲಿ ಪಶ್ಚಿಮ ಏಷ್ಯಾದಲ್ಲಿ ಯುದ್ಧ. ಒಂದು ಬ್ಯಾರಲ್ ಕಚ್ಚಾತೈಲ 1973ರ ಅಕ್ಟೋಬರಿಗೆ ಮುಂಚೆ ಸುಮಾರು 3 ಡಾಲರ್ ಇದ್ದದ್ದು 1974ರ ಜನವರಿಯಲ್ಲಿ 11 ಡಾಲರ್ ದಾಟಿತು. ಸೀಮೆಎಣ್ಣೆ, ಡೀಸೆಲ್, ರಸಗೊಬ್ಬರ, ಸಾಗಣೆ ಎಲ್ಲದರ ಖರ್ಚು ಒಂದೇ ಏಟಿಗೆ ಏರಿತು. ಸಗಟು ಬೆಲೆ 1973-74ರಲ್ಲಿ ಶೇ. 20, 1974-75ರಲ್ಲಿ ಶೇ. 25. 1974ರ ಸೆಪ್ಟೆಂಬರಿನಲ್ಲಿ ಹಿಂದಿನ ವರ್ಷದ ಸೆಪ್ಟೆಂಬರಿಗೆ ಹೋಲಿಸಿದ್ರೆ ಶೇ. 30 ದಾಟಿತ್ತು.

ಹೂವಿನ ಪರೀಕ್ಷೆ ಹಾಕಿ. ಬೆಲೆ ಏರಿತು, ಪ್ರಮಾಣ ಇಳೀತು ಇಲ್ಲವೇ ನಿಂತಲ್ಲೇ ನಿಂತಿತು. ಗಿಡದಲ್ಲೇ ಕೊಳೆತ ಹೂವು. ಇನ್ನೂ ಒಂದು ಗಮನಿಸಿ: ಎಲ್ಲ ಬೆಲೆಯೂ ಒಟ್ಟಿಗೆ ಏರಲಿಲ್ಲ. ಮೊದಲು ಧಾನ್ಯ, ಆಮೇಲೆ ತೈಲ, ಅದರ ಬೆನ್ನಿಗೆ ಅದನ್ನ ಬಳಸೋ ವಸ್ತುಗಳು. ಇದು ಮೂರನೇ ಪರೀಕ್ಷೆ, ಸರದಿ. ವೆಚ್ಚ ತಳ್ಳೋ ಹಣದುಬ್ಬರ ಒಂದೆರಡು ವಸ್ತುವಿನಿಂದ ಶುರುವಾಗಿ ಹಂತಹಂತವಾಗಿ ಹರಡುತ್ತೆ. ಬೇಡಿಕೆಯದ್ದು ಸಾಮಾನ್ಯವಾಗಿ ಅಗಲವಾಗಿ, ಎಲ್ಲ ಕಡೆ ಸುಮಾರು ಒಟ್ಟಿಗೇ ಬರುತ್ತೆ.

7/9

ಇಲ್ಲಿಗೆ ನಿಲ್ಲಿಸಿದ್ರೆ ಪರೀಕ್ಷೆಯಲ್ಲಿ ಐದಕ್ಕೆ ಐದು ಸಿಗಬಹುದು. ಆದ್ರೆ ಕಥೆ ಅಷ್ಟು ನೇರ ಇಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. 1972-73 ಮತ್ತು 1973-74, ಈ ಎರಡು ವರ್ಷ ಜನರ ಕೈಯಲ್ಲಿದ್ದ ಹಣ (ನೋಟು ಮತ್ತು ಬ್ಯಾಂಕಿನ ಚಾಲ್ತಿ ಖಾತೆಯಂಥವು) ವರ್ಷಕ್ಕೆ ಶೇ. 15ರ ಆಸುಪಾಸಿನಲ್ಲಿ ಬೆಳೀತು. ಅಂದ್ರೆ 100 ರೂಪಾಯಿ ಇದ್ದದ್ದು ಎರಡು ವರ್ಷದಲ್ಲಿ ಸುಮಾರು 132 ಆಯ್ತು. ಉತ್ಪಾದನೆ ಮೊದಲ ವರ್ಷ ಚೂರು ಇಳಿದು, ಎರಡನೇ ವರ್ಷ ಶೇ. 4.6 ಏರಿ, ಒಟ್ಟಾರೆ 100 ಇದ್ದದ್ದು ಸುಮಾರು 104. ದುಡ್ಡು 32 ಜಾಸ್ತಿ, ಸರಕು 4 ಜಾಸ್ತಿ. ಬೆಲೆ? 100ರಿಂದ ಸುಮಾರು 132.

ದುಡ್ಡಿನ ಪಾಲೂ ಚೆನ್ನಾಗೇ ಇದೆ ಅಂತ ಈ ಲೆಕ್ಕ ಹೇಳುತ್ತೆ. 1971ರಲ್ಲಿ ಪೂರ್ವ ಬಂಗಾಳದಿಂದ ಬಂದ ಸುಮಾರು ಒಂದು ಕೋಟಿ ನಿರಾಶ್ರಿತರು, ಡಿಸೆಂಬರಿನ ಯುದ್ಧ, ಆಮೇಲೆ ಬರ ಪರಿಹಾರ. ಇದಕ್ಕೆಲ್ಲ ಸರ್ಕಾರ ಖರ್ಚು ಮಾಡ್ಲೇಬೇಕಿತ್ತು, ಕೊರತೆಯ ಒಂದು ಪಾಲು ರಿಸರ್ವ್ ಬ್ಯಾಂಕಿನಿಂದ ಬಂತು. ಕನ್ನಡ ನಾಡಿನ ಮೂಲದ ಅರ್ಥಶಾಸ್ತ್ರಜ್ಞ ಪಿ. ಆರ್. ಬ್ರಹ್ಮಾನಂದ ಮತ್ತು ಸಿ. ಎನ್. ವಕೀಲ್ ಅವರ ಮುಂದಾಳ್ತನದಲ್ಲಿ ನೂರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು 1974ರಲ್ಲಿ ಪ್ರಧಾನಿಗೆ ಮನವಿ ಕೊಟ್ಟು ಹೇಳಿದ್ದೂ ಇದನ್ನೇ. ಹಣದ ಹರಿವನ್ನ ಕಟ್ಟಿಹಾಕಿ ಅಂತ.

ಇಲ್ಲಿ ಒಂದು ಸೂಕ್ಷ್ಮ ಇದೆ, ಪಠ್ಯಪುಸ್ತಕದಲ್ಲಿ ಇದನ್ನ ಒಂದೇ ಸಾಲಿನಲ್ಲಿ ಹೇಳಿ ಮುಗಿಸ್ತಾರೆ. ವೆಚ್ಚದ ಹೊಡೆತ ಬೆಲೆಯನ್ನ ಒಂದು ಮೆಟ್ಟಿಲು ಮೇಲೆ ಹತ್ತಿಸುತ್ತೆ. ತೈಲ 3ರಿಂದ 11 ಡಾಲರ್ ಆಯ್ತು, ಬೆಲೆಗಳು ಏರಿದ್ವು. ತೈಲ 11ರಲ್ಲೇ ನಿಂತ್ರೆ ಬೆಲೆಗಳೂ ಆ ಹೊಸ ಮೆಟ್ಟಿಲಲ್ಲಿ ನಿಲ್ಲಬೇಕು. ವರ್ಷದ ಮೇಲೆ ವರ್ಷ ಏರ್ತಾ ಹೋಗಬೇಕಾದ್ರೆ ಯಾರೋ ಹಿಂದಿನಿಂದ ಮೆಟ್ಟಿಲು ಕಟ್ತಾ ಇರಬೇಕು. ಹೊಸ ದುಡ್ಡೋ, ಬೆಲೆ ಮತ್ತು ಸಂಬಳ ಒಂದನ್ನೊಂದು ಅಟ್ಟಿಸಿಕೊಂಡು ಹೋಗೋ ಆಟವೋ. ಕಿಡಿ ಹಚ್ಚಿದ್ದು ಯಾರು, ಸೌದೆ ಹಾಕ್ತಿರೋದು ಯಾರು ಅನ್ನೋದು ಎರಡು ಬೇರೆ ಪ್ರಶ್ನೆ. 1972ರ ಕಿಡಿ ಬರ, 1973ರ ಕಿಡಿ ತೈಲ. ಸೌದೆಯಲ್ಲಿ ದುಡ್ಡಿನ ಪಾಲಿತ್ತು.

8/9

ಹಾಗಾದ್ರೆ ಸಂಬಳದ ಪಾಲು? ಇದೇ ಆ ವರ್ಷದ ಜಗಳ.

1974ರ ಮೇ 8ರಂದು ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದ್ರು. ಮುಂದಾಳು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಬೇಡಿಕೆಗಳಲ್ಲಿ ಸಂಬಳ, ಬೋನಸ್, ತುಟ್ಟಿಭತ್ಯೆ. ಇಷ್ಟು ಸಂಬಳ ಕೊಟ್ರೆ ಬೆಲೆ ಇನ್ನೂ ಏರುತ್ತೆ ಅಂತ ಸರ್ಕಾರದ ವಾದ. ಸಾವಿರಾರು ಜನರ ಬಂಧನ ಆಯ್ತು, ಕ್ವಾರ್ಟರ್ಸ್‌ನಿಂದ ಕುಟುಂಬಗಳನ್ನ ಹೊರಹಾಕಿದ್ರು, ಮೇ 27ಕ್ಕೆ ಮುಷ್ಕರ ಮುರಿದುಬಿತ್ತು.

ಸರದಿಯ ಪರೀಕ್ಷೆಯನ್ನ ಇಲ್ಲಿ ಹಾಕಿ. ಧಾನ್ಯದ ಬೆಲೆ ಏರಿದ್ದು 1972ರಲ್ಲಿ. ತೈಲ 1973ರ ಕೊನೆಗೆ. ತುಟ್ಟಿಭತ್ಯೆ ಅನ್ನೋದರ ಹೆಸರಲ್ಲೇ ಇದೆ ನೋಡಿ, ಬೆಲೆ ತುಟ್ಟಿಯಾದ ಮೇಲೆ ಬರೋದು. ಸಂಬಳ ಬೆಲೆಯ ಹಿಂದೆ ಓಡ್ತಿತ್ತು, ಮುಂದೆ ಅಲ್ಲ. ಬೆಂಕಿ ಹಚ್ಚಿದ್ದು ಆ ಕಾರ್ಮಿಕರಲ್ಲ.

ಜುಲೈನಲ್ಲಿ ಸರ್ಕಾರ ಸುಗ್ರೀವಾಜ್ಞೆಗಳನ್ನ ತಂದಿತು. ಹೊಸದಾಗಿ ಏರಿದ ಸಂಬಳ ಪೂರ್ತಿ, ಹೆಚ್ಚುವರಿ ತುಟ್ಟಿಭತ್ಯೆಯ ಅರ್ಧ ಕೈಗೆ ಸಿಗಲ್ಲ, ಕಡ್ಡಾಯ ಠೇವಣಿಗೆ ಹೋಗುತ್ತೆ, ಮುಂದೆ ಕಂತಿನಲ್ಲಿ ವಾಪಸ್. ಕಂಪನಿಗಳು ಹಂಚೋ ಡಿವಿಡೆಂಡಿಗೂ ಮಿತಿ. ರಿಸರ್ವ್ ಬ್ಯಾಂಕ್ ತನ್ನ ಬಡ್ಡಿದರವನ್ನ ಶೇ. 7ರಿಂದ 9ಕ್ಕೆ ಏರಿಸ್ತು. ಇದೆಲ್ಲ ಬೇಡಿಕೆಯ ಕಾಯಿಲೆಗೆ ಕೊಡೋ ಮದ್ದು. 1974-75ರಲ್ಲಿ ಹಣದ ಬೆಳವಣಿಗೆ ಶೇ. 7ರ ಆಸುಪಾಸಿಗೆ ಇಳೀತು.

ಮದ್ದು ನಾಟಿತಾ? ಸೆಪ್ಟೆಂಬರಿನ ನಂತರ ಬೆಲೆಗಳು ಇಳಿಯೋಕೆ ಶುರುವಾದ್ವು. 1975-76ರಲ್ಲಿ ವರ್ಷದ ಸರಾಸರಿಯೇ ಹಿಂದಿನ ವರ್ಷಕ್ಕಿಂತ ಸುಮಾರು ಶೇ. 1 ಕೆಳಗೆ ಬಂತು. ಒಂದು ವಿಷಯ ಗಮನದಲ್ಲಿಡಿ: ಇಳಿಕೆ ಶುರುವಾದದ್ದು ತುರ್ತು ಪರಿಸ್ಥಿತಿಗೂ ಮುಂಚೆ. ಅದು ಬಂದದ್ದು 1975ರ ಜೂನ್‌ನಲ್ಲಿ. "ಎಮರ್ಜೆನ್ಸಿಯಿಂದ ಬೆಲೆ ಇಳೀತು" ಅನ್ನೋ ಮಾತು ತಿಂಗಳುಗಳ ಲೆಕ್ಕದ ಮುಂದೆ ನಿಲ್ಲಲ್ಲ.

1974-75ರ ಬೆಳೆಯೂ ಚೆನ್ನಾಗಿರಲಿಲ್ಲ, ಸುಮಾರು 10 ಕೋಟಿ ಟನ್ ಅಷ್ಟೆ. ತೈಲವೂ ಅಗ್ಗ ಆಗಲಿಲ್ಲ. ಆದ್ರೂ ಬೆಲೆ ಇಳೀತು ಅಂದ್ರೆ ಹಣ ಬಿಗಿ ಹಿಡಿದದ್ದಕ್ಕೆ ಫಲ ಸಿಕ್ಕಿದೆ ಅಂತ ಬ್ರಹ್ಮಾನಂದರ ಕಡೆಯವರು ಹೇಳಬಹುದು. ತೈಲ ಹೊಸ ಮೆಟ್ಟಿಲಲ್ಲಿ ನಿಂತಿದ್ದರಿಂದ ಏರಿಕೆ ತಾನಾಗೇ ನಿಲ್ತಿತ್ತು ಅಂತ ಇನ್ನೊಂದು ಕಡೆಯವರೂ ಹೇಳಬಹುದು. ನನಗನ್ನಿಸೋದು, ಏರಿಕೆ ನಿಂತಿದ್ದಕ್ಕೆ ಎರಡನೇ ಮಾತು ಸಾಕು, ಬೆಲೆ ಇಳಿದಿದ್ದಕ್ಕೆ ಮೊದಲನೆಯದೂ ಬೇಕು. ಆಮೇಲೆ 1975-76ರಲ್ಲಿ 12 ಕೋಟಿ ಟನ್ ದಾಟಿದ ದೊಡ್ಡ ಬೆಳೆ ಬಂದು ಬೆಲೆಯನ್ನ ಕೆಳಗೇ ಹಿಡಿದಿಟ್ಟಿತು.

ಆದ್ರೆ ಮದ್ದಿನ ಬಿಲ್ ಯಾರು ಕಟ್ಟಿದ್ರು? ಬರವನ್ನೂ ತೈಲವನ್ನೂ ತರದ ತಿಂಗಳ ಸಂಬಳದವರು ಅದರ ದೊಡ್ಡ ಪಾಲು ಕಟ್ಟಿದ್ರು.

9/9

ಮುಂದೆ ಯಾವುದೇ ಬೆಲೆ ಏರಿಕೆ ನೋಡಿದಾಗ ಈ ಕ್ರಮದಲ್ಲಿ ಕೇಳಿ.

ಪ್ರಮಾಣ ಏನಾಯ್ತು? ಉತ್ಪಾದನೆ, ಕೆಲಸ ಬೆಲೆಯ ಜೊತೆ ಏರಿದ್ವಾ ಇಳಿದ್ವಾ? ಯುದ್ಧಕಾಲದ ಗಿರಣಿಗಳಲ್ಲಿ ಏರಿದ್ವು, 1972-73ರಲ್ಲಿ ಇಳಿದ್ವು.

ಯಾವುದು ಮೊದಲು ಏರಿತು? ತಿಂಗಳ ಅಂಕಿ ನೋಡಿ, ವರ್ಷದ ಸರಾಸರಿ ನಂಬ್ಕೋಬೇಡಿ. 1974-75ರ ಸರಾಸರಿ ಶೇ. 25 ಏರಿಕೆ ಅನ್ನುತ್ತೆ, ಆದ್ರೆ ಆ ವರ್ಷದ ಎರಡನೇ ಅರ್ಧದಲ್ಲಿ ಬೆಲೆ ಇಳೀತಿತ್ತು. ಸರಾಸರಿ ಅದನ್ನ ಮುಚ್ಚಿಬಿಡುತ್ತೆ.

ಯಾರ ಗಳಿಕೆ ಬೆಲೆಯ ಜೊತೆ ಓಡ್ತು, ಯಾರದ್ದು ಹಿಂದೆ ಬಿತ್ತು? ಬಂಗಾಳದಲ್ಲಿ ಜೀವ-ಸಾವು ನಿರ್ಧಾರ ಆದದ್ದು ಈ ಪ್ರಶ್ನೆಯಲ್ಲೇ.

ಕೊನೆಗೆ, ಕಿಡಿ ಯಾವುದು, ಸೌದೆ ಯಾವುದು? ಎರಡಕ್ಕೂ ಒಂದೇ ಉತ್ತರ ಬಂದ್ರೆ ಅನುಮಾನ ಪಡಿ. ನಿಜವಾದ ಇತಿಹಾಸದಲ್ಲಿ ಅದು ಅಪರೂಪ.

ಒಂದು ಎಚ್ಚರಿಕೆಯನ್ನ ಅಜ್ಜಿಯೇ ಮೊದಲನೇ ದಿನ ಹೇಳಿಬಿಟ್ಟಿದ್ರು. ಸರ್ಕಾರ ಬೆಲೆಗೆ ಮಿತಿ ಹಾಕಿದಾಗ, ಸೂಚ್ಯಂಕದಲ್ಲಿ ಆ ಮಿತಿಯ ಬೆಲೆಯೇ ದಾಖಲಾಗುತ್ತೆ. ಆ ಬೆಲೆಗೆ ಸರಕು ಸಿಕ್ತಾ ಇಲ್ವಾ ಅಂತ ಅದು ಕೇಳೋದೇ ಇಲ್ಲ. ಕ್ಯೂನಲ್ಲಿ ಕಳೆದ ಅರ್ಧ ದಿನ, ಖಾಲಿ ಡಬ್ಬ ಹಿಡ್ಕೊಂಡು ವಾಪಸ್ ಬಂದದ್ದು, ಕಾಳಸಂತೆಯಲ್ಲಿ ಕೊಟ್ಟ ರೇಟು, ಇದ್ಯಾವುದೂ ಅಂಕಿಯಲ್ಲಿ ಇರಲ್ಲ. ಹಾಗಾಗಿ 1943 ಇರಲಿ 1974 ಇರಲಿ, ಅಧಿಕೃತ ಅಂಕಿಯನ್ನ ನಿಜವಾದ ಏರಿಕೆಯ ಕೆಳಗಿನ ಗೆರೆ ಅಂತಷ್ಟೇ ಓದಬೇಕು.

ತಾತ ಆ ಜಾಗ ಖಾಲಿ ಬಿಟ್ಟದ್ದು ಮರೆತು ಅಲ್ಲ. ಬರೆಯೋಕೆ ಬೆಲೆಯೇ ಇರಲಿಲ್ಲ. ಕೊನೇ ಫೋಟೋದಲ್ಲಿ ಅದೇ ಪುಟ ಇದೆ, ಝೂಮ್ ಮಾಡಿ ನೋಡಿ.

ನಿಮ್ಮ ಮನೆಯಲ್ಲೂ ಇಂಥ ಹಳೇ ಲೆಕ್ಕದ ಪುಸ್ತಕ, ರೇಷನ್ ಕಾರ್ಡ್ ಇದ್ರೆ ಬಿಸಾಕೋಕೆ ಮುಂಚೆ ಒಂದು ಫೋಟೋ ತೆಗೆದಿಡಿ. ಬೆಲೆ ಜೊತೆ ತಿಂಗಳೂ ಕಾಣೋ ಹಾಗೆ.

#ಹಣದುಬ್ಬರ #ಇತಿಹಾಸ #ಅರ್ಥಶಾಸ್ತ್ರ #ಅಜ್ಜಿಯಟ್ರಂಕು